ಐಸ್ ಬ್ರೇಕರ್ ಭಾಷಣ: ಮೂರು ಸಣ್ಣ ಕತೆಗಳಲ್ಲಿ ನಿಮ್ಮ ಪರಿಚಯ

ಭಾಷಣ ಮಾಡುತ್ತಾ ಮಾತುಗಾರಿಕೆ ಕಲಿಯುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಹೊಸದಾಗಿ ಸೇರಿದ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಮೊದಲ ಭಾಷಣದಲ್ಲಿ ನನ್ನ ಬಗ್ಗೆ ಹೇಳಬೇಕಂತೆ. ಹೆಸರು, ಊರು, ಕೆಲಸ ಹೇಳಿದರೆ ಅರ್ಧ ನಿಮಿಷ. ಉಳಿದದ್ದಕ್ಕೆ ಏನು ಮಾಡುವುದು?" ಇದಕ್ಕೆ ಹಲವು ದಾರಿಗಳಿವೆ. ನಾನು ಇಲ್ಲಿ ಒಂದನ್ನೇ ಹಿಡಿದು ಹೇಳುತ್ತೇನೆ: ನಿಮ್ಮ ಬದುಕಿನ ಮೂರು ಸಣ್ಣ ಕತೆಗಳು, ಅವನ್ನು ಕಟ್ಟುವ ಒಂದು ಎಳೆ. ಮೊದಲ ಸಲ ನಿಲ್ಲುವವರಿಗೆ ಇದೇ ಹೆಚ್ಚು ಸುಲಭ. ಆದ ಘಟನೆಯನ್ನು ಹೇಳುವಾಗ ಮುಂದಿನ ಮಾತು ತಾನಾಗಿ ನೆನಪಿಗೆ ಬರುತ್ತದೆ, ಅಭಿಪ್ರಾಯ ಹೇಳುವಾಗ ಹಾಗೆ ಬರುವುದಿಲ್ಲ.

ಮೊದಲು ನಿಯಮ ತಿಳಿದಿರಲಿ. ಐಸ್ ಬ್ರೇಕರ್ ಎಂದರೆ ಸದಸ್ಯರು ಕ್ಲಬ್ಬಿನಲ್ಲಿ ಮಾಡುವ ಮೊದಲ ಸಿದ್ಧ ಭಾಷಣ. ಪಾಥ್‌ವೇಸ್ ಎಂಬ ಕಲಿಕಾ ಕ್ರಮದಲ್ಲಿ ಯಾವ ದಾರಿ ಆರಿಸಿಕೊಂಡರೂ ಮೊದಲ ಹಂತದ ಮೊದಲ ಕೆಲಸ ಇದೇ. ಸಮಯ 4ರಿಂದ 6 ನಿಮಿಷ. ಸಭೆಯಲ್ಲಿ ಟೈಮರ್, ಅಂದರೆ ಗಡಿಯಾರ ನೋಡುವ ಸದಸ್ಯರು, 4 ನಿಮಿಷಕ್ಕೆ ಹಸಿರು, 5ಕ್ಕೆ ಹಳದಿ, 6ಕ್ಕೆ ಕೆಂಪು ತೋರಿಸುತ್ತಾರೆ. ದೀಪವಿಲ್ಲದ ಕ್ಲಬ್ಬುಗಳಲ್ಲಿ ಬಣ್ಣದ ಕಾರ್ಡು ಎತ್ತುತ್ತಾರೆ. ಎರಡೂ ಬದಿಗೆ 30 ಸೆಕೆಂಡಿನ ವಿನಾಯಿತಿ ಇರುತ್ತದೆ. ಎಂದರೆ ಮೂರೂವರೆ ನಿಮಿಷಕ್ಕಿಂತ ಮೊದಲು ಮುಗಿಸಬಾರದು, ಆರೂವರೆ ದಾಟಬಾರದು. ನೀವು ಕಣ್ಣಿಡಬೇಕಾದದ್ದು ಹಳದಿಯ ಮೇಲೆ. ಮನೆಯಲ್ಲಿ ಸರಿಯಾಗಿ 5 ನಿಮಿಷಕ್ಕೆ ಮುಗಿಯುವಂತೆ ಸಿದ್ಧಪಡಿಸಿ. ವೇದಿಕೆಯಲ್ಲಿ ಗಾಬರಿಯಿಂದ ಓಡಿಸಿದರೂ ಹಸಿರು ಬಂದಿರುತ್ತದೆ, ಜನ ನಕ್ಕು ನಿಮ್ಮನ್ನು ಸ್ವಲ್ಪ ನಿಲ್ಲಿಸಿದರೂ ಕೆಂಪಿನೊಳಗೆ ಮುಗಿಯುತ್ತದೆ.

ಭಾಷೆಯ ವಿಷಯವನ್ನೂ ಮೊದಲೇ ವಿಚಾರಿಸಿ. ಕ್ಲಬ್ಬು ಯಾವ ಭಾಷೆಯಲ್ಲಾದರೂ ನಡೆಯಬಹುದು ಎಂಬುದು ಸಂಸ್ಥೆಯ ರೀತಿ. ಆದರೆ ನಿಮ್ಮ ಕ್ಲಬ್ಬಿನಲ್ಲಿ ಯಾವುದು ನಡೆಯುತ್ತದೆ ಎಂದು ಅಲ್ಲಿನ ಶಿಕ್ಷಣ ಉಪಾಧ್ಯಕ್ಷರನ್ನು, ಅಂದರೆ ಭಾಷಣಗಳ ದಿನ ಗೊತ್ತುಮಾಡುವ ಪದಾಧಿಕಾರಿಯನ್ನು ಕೇಳಬೇಕು. ಇಂಗ್ಲಿಷಿನಲ್ಲಿ ಮಾಡುವುದಾದರೂ ಕತೆಗಳನ್ನು ಮೊದಲು ಮನೆಮಾತಿನಲ್ಲಿ ಬಾಯಿಬಿಟ್ಟು ಹೇಳಿ ನೋಡಿ. ಯಾವ ವಿವರ ಜೀವಂತವಾಗಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

1. ಹನ್ನೆರಡು ನೆನಪುಗಳ ಪಟ್ಟಿ

ಒಂದು ಹಾಳೆಯಲ್ಲಿ 10–12 ನೆನಪುಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. "ನನ್ನ ಬಾಲ್ಯ", "ಕಾಲೇಜು ದಿನಗಳು" ಎಂದು ಬರೆದರೆ ಪ್ರಯೋಜನವಿಲ್ಲ, ಅವು ವರ್ಷಗಳು. "ಅಂಗಳದಲ್ಲಿ ಒಣಹಾಕಿದ ಅಡಿಕೆ ರಾತ್ರಿ ಮಳೆಗೆ ನೆನೆದದ್ದು" ಎಂದರೆ ಅದು ಒಂದು ಘಟನೆ. ಪ್ರತಿ ಸಾಲಿನಲ್ಲೂ ಒಂದು ಜಾಗ ಕಾಣಬೇಕು, ಒಂದು ಹೊತ್ತು ಕಾಣಬೇಕು.

ಈಗ ಅಳಿಸುತ್ತಾ ಬನ್ನಿ. ವಿವರಿಸಲು ನಾಲ್ಕೈದು ಜನರ ಪರಿಚಯ ಬೇಕಾಗುವ ನೆನಪನ್ನು ಬಿಡಿ. ಹೇಳುವಾಗ ಈಗಲೂ ಗಂಟಲು ಕಟ್ಟುವ ಸಾವು, ಕಾಯಿಲೆ, ಜಗಳಗಳನ್ನೂ ಸದ್ಯಕ್ಕೆ ಬಿಡಿ. ಅವು ಮುಖ್ಯವಲ್ಲ ಎಂದಲ್ಲ. ಒಂದು ನಿಮಿಷದ ಕತೆಗೆ ಅಷ್ಟು ಭಾರ ಹೊರುವ ಶಕ್ತಿ ಇಲ್ಲ, ನೀವು ನಡುವೆ ನಿಂತುಬಿಟ್ಟರೆ ಕೇಳುಗರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಬಹುಮಾನ, ಅಂಕ, ಬಡ್ತಿಗಳ ನೆನಪನ್ನೂ ಬದಿಗಿಡಿ. ಗೆದ್ದ ಕತೆಯಲ್ಲಿ ಕೇಳುಗನಿಗೆ ಚಪ್ಪಾಳೆ ತಟ್ಟುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ.

ನಮ್ಮ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಗಡಿನಾಡಿನ ಕನ್ನಡಿಗನ ಪರಿಚಯ ಅಂದ ಕೂಡಲೇ 1956ರ ನವೆಂಬರ್ 1, ರಾಜ್ಯ ಪುನರ್ವಿಂಗಡಣೆ, ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಎಂದು ಶುರುಮಾಡುವ ಆಸೆ ಬರುತ್ತದೆ. ಅದು ನಿಜವಾದ ನೋವು, ನಿಜವಾದ ಹೆಮ್ಮೆ. ಆದರೆ ಎರಡು ನಿಮಿಷ ಅದಕ್ಕೇ ಹೋದರೆ ನಿಮ್ಮ ಪರಿಚಯ ಆಗುವುದೇ ಇಲ್ಲ. ಆ ಇತಿಹಾಸ ನಿಮ್ಮ ಒಂದು ಸಂಜೆಯೊಳಗೆ ಹೇಗೆ ಬಂದು ನಿಂತಿತು ಎಂಬುದನ್ನು ಹೇಳಿ. ಚರಿತ್ರೆಯ ಭಾಷಣವನ್ನು ಇನ್ನೊಂದು ಸಲ ಮಾಡಬಹುದು.

2. ಮೂರನ್ನು ಆರಿಸಿ, ಎಳೆ ಹುಡುಕಿ

ಉಳಿದ ಆರೇಳು ನೆನಪುಗಳಲ್ಲಿ ಮೂರನ್ನು ಆರಿಸುವಾಗ ಎರಡು ಸಂಗತಿ ನೋಡಬೇಕು. ಮೂರೂ ಬೇರೆ ಬೇರೆ ವಯಸ್ಸಿನವಾಗಿರಲಿ, ಕೊನೆಯದು ಈಗಿನದ್ದಾಗಿರಲಿ. ಜೊತೆಗೆ ಮೂರರಲ್ಲೂ ನೀವು ಮಾಡಿದ, ಅಥವಾ ಮಾಡದೆ ಉಳಿದ, ಒಂದೇ ಬಗೆಯ ಕೆಲಸ ಇರಲಿ. ಅದೇ ಎಳೆ. "ಧೈರ್ಯ", "ಆತ್ಮವಿಶ್ವಾಸ", "ಪರಿಶ್ರಮ" ಎಂಬ ದೊಡ್ಡ ಗುಣಗಳು ಎಳೆಯಾಗುವುದಿಲ್ಲ, ಅವು ಯಾರ ಭಾಷಣಕ್ಕೂ ಹೊಂದುತ್ತವೆ. ಕೇಳುವುದು, ಕಾಯುವುದು, ರಿಪೇರಿ ಮಾಡುವುದು, ಲೆಕ್ಕ ಬರೆಯುವುದು, ತಡವಾಗಿ ಬರುವುದು, ಇಂಥ ಒಂದು ಕ್ರಿಯೆ ಸಿಕ್ಕಿದರೆ ಗಟ್ಟಿ.

ಒಂದು ಮಾದರಿ ಕಟ್ಟಿ ತೋರಿಸುತ್ತೇನೆ. ಬದಿಯಡ್ಕದ ಕಡೆಯ ಒಬ್ಬ ಯುವತಿ, ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೆಲಸ, ಹತ್ತರ ತನಕ ಕನ್ನಡ ಮಾಧ್ಯಮ ಎಂದು ಇಟ್ಟುಕೊಳ್ಳಿ. ಅವಳ ಪಟ್ಟಿಯಲ್ಲಿ ಉಳಿದ ಮೂರು ನೆನಪುಗಳು ಇವು.

ಮನೆಯ ಹಿಂದಿನ ನೀರಿನ ಸುರಂಗದಲ್ಲಿ ಕೆಸರು ತೆಗೆಯಲು ಅಜ್ಜನ ಜೊತೆ ಹೋದದ್ದು. ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಮಲಯಾಳದ ಬೋರ್ಡು ಓದಲಾಗದೆ ತಪ್ಪು ಬಸ್ಸು ಹತ್ತಿದ್ದು. ಕೌಂಟರಿನೆದುರು ಫಾರ್ಮು ಹಿಡಿದು ಸುಮ್ಮನೆ ನಿಂತ ಒಬ್ಬ ಅಜ್ಜಿ.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಕ್ರಿಯೆ ಎದ್ದು ಕಾಣುತ್ತದೆ: ಕೇಳುವುದು. ಸುರಂಗದಲ್ಲಿ ಹೆಜ್ಜೆಹೆಜ್ಜೆಗೂ ಕೇಳುತ್ತಿದ್ದಳು, ಬಸ್ಸಿನಲ್ಲಿ ನಾಚಿಕೆಯಿಂದ ಕೇಳಲಿಲ್ಲ, ಈಗ ಕೇಳಲು ನಾಚುವವರು ಅವಳ ಎದುರೇ ನಿಂತಿದ್ದಾರೆ. ಕತೆಗಳ ಕ್ರಮವೂ ಇಲ್ಲೇ ಸಿಕ್ಕಿತು. ಎಳೆ ಸರಿಯಾಗಿದೆಯೇ ಎಂದು ತಿಳಿಯಲು ಕ್ರಮವನ್ನು ಬದಲಿಸಿ ನೋಡಿ. ಹೇಗೆ ಜೋಡಿಸಿದರೂ ನಡೆಯುತ್ತದೆ ಎಂದಾದರೆ ಎಳೆ ಇನ್ನೂ ಸಿಕ್ಕಿಲ್ಲ.

3. ಒಂದು ಕತೆಯ ಅಳತೆ

ಐದು ನಿಮಿಷವನ್ನು ಹೀಗೆ ಹಂಚಿ: ಆರಂಭ 30 ಸೆಕೆಂಡು, ಮೊದಲ ಕತೆ 75, ಎರಡನೆಯದು 90, ಮೂರನೆಯದು 75, ಮುಕ್ತಾಯ 30. ನಡುವಿನ ಕತೆಗೆ ಹೆಚ್ಚು ಸಮಯ ಕೊಡಲು ಕಾರಣವಿದೆ. ಮೊದಲ ಕತೆ ಹೇಳುವಾಗ ನಿಮ್ಮ ಉಸಿರು ಇನ್ನೂ ಹಿಡಿತಕ್ಕೆ ಬಂದಿರುವುದಿಲ್ಲ, ಮೂರನೆಯದರ ಹೊತ್ತಿಗೆ ಕಣ್ಣು ದೀಪದ ಕಡೆ ಹೋಗುತ್ತಿರುತ್ತದೆ. ನಿಮ್ಮ ಒಳ್ಳೆಯ ಮಾತು ಬರುವುದು ನಡುವೆಯೇ.

75 ಸೆಕೆಂಡಿನ ಕತೆಗೆ ಒಂದು ಜಾಗ, ಒಂದು ಹೊತ್ತು, ಇಬ್ಬರು ಮನುಷ್ಯರು, ಯಾರೋ ಆಡಿದ ಒಂದು ಮಾತು ಸಾಕು. ಇದಕ್ಕಿಂತ ಹೆಚ್ಚಿದ್ದರೆ ತುಂಬಾಯಿತು. ಆಡಿದ ಮಾತನ್ನು ಆಡಿದ ಹಾಗೆಯೇ ಹೇಳಿ. "ಅಜ್ಜನಿಗೆ ನನ್ನ ಸುರಕ್ಷತೆಯ ಕಾಳಜಿ ಇತ್ತು" ಎಂದರೆ ವರದಿ. "ಅಜ್ಜಾ, ದೀಪ ಉರೀತಾ ಉಂಟು, ಮುಂದೆ ಹೋಗ್ಲಾ?" "ಹೋಗು ಮಗಾ, ಆರಿದ್ರೆ ತಿರುಗಿ ನೋಡ್ಬೇಡ, ವಾಪಾಸು ಬಾ." ಇಷ್ಟರಲ್ಲಿ ಅಜ್ಜ ಎದುರು ಬಂದು ನಿಂತರು.

ಊರಿನ ಪದಗಳನ್ನು ಬಿಡಬೇಡಿ, ಆದರೆ ಅಲ್ಲೇ ಬಿಡಿಸಿ ಹೇಳಿ. ಕಣ್ಣೂರಿನಿಂದ ಬಂದ ಸದಸ್ಯರಿಗೋ, ಮಂಗಳೂರಿಗೆ ಕೆಲಸಕ್ಕೆ ಬಂದ ಉತ್ತರದವರಿಗೋ ಸುರಂಗ ಎಂದರೆ ರೈಲಿನ ಸುರಂಗ ಕಣ್ಣಿಗೆ ಬರುತ್ತದೆ. "ಸುರಂಗ ಅಂದರೆ ನಮ್ಮಲ್ಲಿ ಗುಡ್ಡವನ್ನು ಅಡ್ಡಕ್ಕೆ ಕೊರೆದ ಬಾವಿ. ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ" ಎಂಬ ಎರಡು ಸಾಲು ಸಾಕು. ಒಳಗೆ ದೀಪ ಯಾಕೆ ಎಂಬುದನ್ನೂ ಅರ್ಧ ಸಾಲಿನಲ್ಲಿ ಹೇಳಬೇಕು: ಗಾಳಿ ಕಡಿಮೆಯಾದರೆ ಮೊದಲು ಆರುವುದು ದೀಪ. ಇದು ಗೊತ್ತಿಲ್ಲದವನಿಗೆ ಅಜ್ಜನ ಮಾತಿನ ಭಾರ ತಿಳಿಯುವುದಿಲ್ಲ. ದಂಬೆ, ತೋಡು, ಕಟ್ಟ ಎಂದು ಇನ್ನೂ ಮೂರು ಪದ ಸೇರಿಸಿದರೆ ಕತೆ ಹೋಗಿ ಪಾಠವಾಗುತ್ತದೆ. ಒಂದು ಕತೆಗೆ ಬಿಡಿಸಿ ಹೇಳಬೇಕಾದ ಪದ ಒಂದೇ ಇರಲಿ.

4. ಬರೆದದ್ದನ್ನು ತಿದ್ದುವುದು

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಎರಡನೇ ಕತೆಯನ್ನು ಪೂರ್ತಿ ತೋರಿಸುತ್ತೇನೆ. ಮೊದಲ ಸಲ ಬರೆದಾಗ ಅದು ಸಾಮಾನ್ಯವಾಗಿ ಹೀಗಿರುತ್ತದೆ:

"ನಾನು ಹತ್ತನೇ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು. ಆದ್ದರಿಂದ ಮಲಯಾಳ ಓದಲು ಬರುತ್ತಿರಲಿಲ್ಲ. ಗಡಿನಾಡಿನ ವಿದ್ಯಾರ್ಥಿಗಳಿಗೆ ಇಂಥ ಅನೇಕ ಸಮಸ್ಯೆಗಳಿವೆ. ಒಮ್ಮೆ ನಾನು ತಪ್ಪು ಬಸ್ಸು ಹತ್ತಿದೆ. ತುಂಬಾ ಭಯವಾಯಿತು. ಹೇಗೋ ಮನೆಗೆ ತಲುಪಿದೆ. ಈ ಘಟನೆಯಿಂದ ನಾನು ಬಹಳ ಕಲಿತೆ."

ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಕಾಣುವಂಥದ್ದೂ ಏನಿಲ್ಲ. "ಒಮ್ಮೆ" ಅಂದರೆ ಯಾವಾಗ? "ಹೇಗೋ" ಅಂದರೆ ಹೇಗೆ? ಈ ಎರಡು ಪದಗಳು ಬಂದಲ್ಲೆಲ್ಲ ಒಂದು ವಿವರ ಅಡಗಿ ಕೂತಿದೆ ಎಂದೇ ತಿಳಿಯಿರಿ. "ತುಂಬಾ ಭಯವಾಯಿತು" ಎಂಬಲ್ಲಿ ಭಯ ಯಾವುದರದ್ದು ಎಂದು ಕೇಳಿಕೊಳ್ಳಿ. ದಾರಿ ತಪ್ಪುವ ಭಯವೋ, ಜನ ನಗುವ ಭಯವೋ? ತಿದ್ದಿದ ಮೇಲೆ:

"ಪ್ಲಸ್ ವನ್‌ಗೆ ಸೇರಿದ ಮೊದಲ ವಾರ. ಕಾಸರಗೋಡು ಬಸ್‌ಸ್ಟ್ಯಾಂಡು, ಸಂಜೆ, ಜೋರು ಮಳೆ. ಬಸ್ಸಿನ ಬೋರ್ಡು ಮಲಯಾಳದಲ್ಲಿ. ನನಗೆ ಅದರಲ್ಲಿ ಗುರುತು ಸಿಗುತ್ತಿದ್ದದ್ದು ಮೊದಲಿನ 'ಬ', ಕೊನೆಯ 'ಕ್ಕ'. ಬದಿಯಡ್ಕ ಅಂದುಕೊಂಡು ಹತ್ತಿದೆ. ಪಕ್ಕದಲ್ಲಿ ಕೂತವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಇಷ್ಟು ದೊಡ್ಡವಳಿಗೆ ಬೋರ್ಡು ಓದಲು ಬರುವುದಿಲ್ಲವಾ ಅಂತ ನಗಾಡಿದರೆ? ಚೆರ್ಕಳದಲ್ಲಿ ಬಸ್ಸು ನಮ್ಮ ದಾರಿಗೆ ತಿರುಗಲಿಲ್ಲ. ಆಗಲೂ ಕೇಳಲಿಲ್ಲ. ಜನ ತುಂಬಿದ ಬಸ್ಸು, ಕಂಡಕ್ಟರ್ ನನ್ನ ಹತ್ತಿರ ಬರುವಾಗ ಚಟ್ಟಂಚಾಲ್ ಹತ್ತಿರವಾಗಿತ್ತು. 'ಎವಿಡೇಕ್ಕಾ ಮೋಳೇ?' 'ಬದಿಯಡ್ಕ.' ಅವರು ಬೆಲ್ಲು ಎಳೆದು ಬಸ್ಸು ನಿಲ್ಲಿಸಿದರು. ಅದು ಬಂದಡ್ಕದ ಬಸ್ಸು."

ಬದಿಯಡ್ಕಕ್ಕೂ ಬಂದಡ್ಕಕ್ಕೂ ಇರುವ ಈ ಗೊಂದಲ ಕಾಸರಗೋಡಿನವರಿಗೆ ಕೇಳಿದ ಕೂಡಲೇ ಹೊಳೆಯುತ್ತದೆ. ಹೊರಗಿನವರಿಗೆ ಒಂದು ಸಾಲು ಸೇರಿಸಿ: "ಬದಿಯಡ್ಕ ಜಿಲ್ಲೆಯ ಉತ್ತರಕ್ಕೆ, ಬಂದಡ್ಕ ಪೂರ್ವದ ಗುಡ್ಡಗಳ ಕಡೆಗೆ." ಕಂಡಕ್ಟರಿನ ಮಲಯಾಳವನ್ನು ಅನುವಾದಿಸಬೇಕಿಲ್ಲ, ಟಿಕೆಟಿಗೆ ಬಂದವರು ಏನು ಕೇಳುತ್ತಾರೆಂದು ಯಾರಿಗೂ ತಿಳಿಯುತ್ತದೆ. ಕೊನೆಗೆ "ಈ ಘಟನೆಯಿಂದ ಕಲಿತೆ" ಎಂಬ ಸಾಲು ಹೋಯಿತು, ನೋಡಿ. ಅದನ್ನು ಹೇಳಿಬಿಟ್ಟರೆ ಮೂರನೇ ಕತೆಗೆ ಹೇಳಲು ಏನೂ ಉಳಿಯುವುದಿಲ್ಲ.

ಉದ್ದವಾಯಿತು ಎನಿಸಿದರೆ ವೇಗ ಹೆಚ್ಚಿಸಬೇಡಿ, ಸಾಲು ಕಡಿಯಿರಿ. ಮೊದಲು ಕಡಿಯಬೇಕಾದದ್ದು ಕತೆಯ ಮೊದಲ ಎರಡು ಸಾಲು. ಅಲ್ಲಿ ಬಹುತೇಕ ಪೀಠಿಕೆಯೇ ಇರುತ್ತದೆ. ಇಡೀ ಭಾಷಣ ಕನ್ನಡದಲ್ಲಿ 400–450 ಪದಗಳ ಸುತ್ತ ಇದ್ದರೆ ನಿಧಾನವಾಗಿ ಮಾತಾಡುವವರಿಗೆ 5 ನಿಮಿಷ ಹಿಡಿಯುತ್ತದೆ. ಆದರೆ ಪದ ಎಣಿಸುವುದಕ್ಕಿಂತ ಗಟ್ಟಿಯಾಗಿ ಹೇಳಿ ಮೊಬೈಲಿನ ಸ್ಟಾಪ್‌ವಾಚ್ ನೋಡುವುದೇ ಸರಿಯಾದ ಅಳತೆ. ಮನಸ್ಸಿನಲ್ಲೇ ಓದಿಕೊಂಡ ಸಮಯವನ್ನು ನಂಬಬೇಡಿ, ಅದು ಯಾವಾಗಲೂ ಕಡಿಮೆ ತೋರಿಸುತ್ತದೆ.

5. ಆರಂಭ ಮತ್ತು ಮುಕ್ತಾಯ

ಇವೆರಡನ್ನು ಮಾತ್ರ ಪದಕ್ಕೆ ಪದ ಬಾಯಿಪಾಠ ಮಾಡಿ, ಒಂದೊಂದು ನಾಲ್ಕೈದು ಸಾಲು. ನಡುವಿನ ಮೂರು ಕತೆಗಳನ್ನು ಬಾಯಿಪಾಠ ಮಾಡಬೇಡಿ. ಉರುಹೊಡೆದದ್ದರಲ್ಲಿ ಒಂದು ಪದ ಜಾರಿದರೆ ಮುಂದಿನ ಇಡೀ ಸಾಲೇ ಸಿಗುವುದಿಲ್ಲ. ಘಟನೆ ಮಾತ್ರ ನೆನಪಿದ್ದರೆ ಬೇರೆ ಪದದಲ್ಲಿ ಮುಂದುವರಿಯಬಹುದು.

"ಇದು ನನ್ನ ಮೊದಲ ಭಾಷಣ, ತಪ್ಪಿದ್ದರೆ ಕ್ಷಮಿಸಿ" ಎಂದು ಶುರುಮಾಡುವುದು ನಮ್ಮಲ್ಲಿ ವಿನಯದ ರೂಢಿ. ಇಲ್ಲಿ ಅದು ಬೇಡ. ಮೊದಲ ಭಾಷಣವೆಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತು, ಹೇಳಿದ ಕೂಡಲೇ ಅವರು ತಪ್ಪು ಹುಡುಕಲು ಶುರುಮಾಡುತ್ತಾರೆ. ಗಣ್ಯರ ಹೆಸರುಗಳ ಉದ್ದ ಸಾಲೂ ಬೇಡ. ಸಭೆ ನಡೆಸುವವರನ್ನು, ಅಂದರೆ ಆ ದಿನದ ಟೋಸ್ಟ್‌ಮಾಸ್ಟರನ್ನು, ಮತ್ತು ಸದಸ್ಯರನ್ನು ಒಂದೇ ಉಸಿರಿನಲ್ಲಿ ಸಂಬೋಧಿಸಿದರೆ ಸಾಕು.

ನಮ್ಮ ಮಾದರಿಯ ಆರಂಭ: "ಟೋಸ್ಟ್‌ಮಾಸ್ಟರರೇ, ಗೆಳೆಯರೇ. ಒಂಬತ್ತು ವರ್ಷದವಳಿದ್ದಾಗ ನಾನು ಅರ್ಧ ಗಂಟೆಯಲ್ಲಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ್ದೆ. ಹದಿನಾರರಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇವತ್ತು ಪ್ರಶ್ನೆ ಕೇಳಿಸಿಕೊಳ್ಳುವುದೇ ನನ್ನ ಸಂಬಳದ ಕೆಲಸ." ಮೂರು ಕತೆ ಬರುತ್ತದೆ ಎಂಬುದು ಕೇಳುಗರಿಗೆ ತಿಳಿಯಿತು, ಎಳೆಯ ತುದಿಯೂ ಸಿಕ್ಕಿತು. ಹೆಸರನ್ನು ಈ ಸಾಲುಗಳಲ್ಲಿ ಹೇಳಬೇಕಿಲ್ಲ, ನಿಮ್ಮನ್ನು ಕರೆಯುವವರು ಆಗಲೇ ಹೇಳಿರುತ್ತಾರೆ. ಅದಕ್ಕಾಗಿ ಹೆಸರು, ಭಾಷಣದ ಶೀರ್ಷಿಕೆ ಮತ್ತು ಎರಡು ಸಾಲಿನ ಪರಿಚಯವನ್ನು ಹಿಂದಿನ ದಿನವೇ ಅವರಿಗೆ ಕಳಿಸಿ. ಆ ಎರಡು ಸಾಲಿನಲ್ಲಿ ಸುರಂಗದ ಸುದ್ದಿ ಬಾರದಿರಲಿ.

ಮೂರನೇ ಕತೆ ಕೌಂಟರಿನದು. ಫಾರ್ಮು ತಿರುಗಿಸಿ ತಿರುಗಿಸಿ ನೋಡುವ ಅಜ್ಜಿ, "ಕನ್ನಡಕ ಮನೆಯಲ್ಲಿ ಬಿಟ್ಟು ಬಂದೆ" ಎನ್ನುತ್ತಾರೆ. ಕನ್ನಡಕ ಅವರ ಮೂಗಿನ ಮೇಲೇ ಇದೆ. ಇವಳು "ಕೊಡಿ ಅಜ್ಜಿ, ನಾನು ಓದ್ತೇನೆ" ಎಂದು ಮಲಯಾಳದ ಫಾರ್ಮನ್ನು ಕನ್ನಡದಲ್ಲಿ ಓದಿ ತುಂಬಿಸುತ್ತಾಳೆ. ಇಲ್ಲಿಂದ ಮುಕ್ತಾಯಕ್ಕೆ ಹಾರುವುದು ಸುಲಭ: "ಮಲಯಾಳ ಓದಲು ಕಲಿತೆ. ಫಾರ್ಮು ತುಂಬಿಸಲು ಕಲಿತೆ. ಆದರೆ ತಿಂಗಳ ಸಭೆಯಲ್ಲಿ ಎದ್ದು ಒಂದು ಪ್ರಶ್ನೆ ಕೇಳಲು ಇನ್ನೂ ಬರುವುದಿಲ್ಲ. ಅದಕ್ಕೇ ಇಲ್ಲಿಗೆ ಬಂದೆ." ಆಮೇಲೆ ಸಭೆ ನಡೆಸುವವರ ಕಡೆ ತಿರುಗಿ ಅವರನ್ನು ಸಂಬೋಧಿಸಿದರೆ ಭಾಷಣ ಮುಗಿಯಿತೆಂದು ಅರ್ಥ. ಅವರು ಬಂದು ಕೈಕುಲುಕುವ ತನಕ ಜಾಗ ಬಿಟ್ಟು ಹೊರಡಬೇಡಿ. ಗಾಬರಿಯಲ್ಲಿ ಓಡಿ ಕುರ್ಚಿಗೆ ಬಂದವರನ್ನು ನೋಡಿದರೆ ಹೇಳಿದ ಕೊನೆಯ ಸಾಲೂ ಅಳಿಸಿಹೋಗುತ್ತದೆ.

6. ಅಭ್ಯಾಸ, ಕಾರ್ಡು, ನಿಲ್ಲುವ ಜಾಗ

ನಿಂತುಕೊಂಡು, ಗಟ್ಟಿಯಾಗಿ, ಐದಾರು ಸಲ ಹೇಳಿ. ಒಂದು ಸಲ ಮೊಬೈಲಿನಲ್ಲಿ ಧ್ವನಿ ಮಾತ್ರ ರೆಕಾರ್ಡು ಮಾಡಿ ಕೇಳಿ. ವಿಡಿಯೋ ಈಗ ಬೇಡ, ನೋಡಿದರೆ ಕೈಕಾಲಿನ ಚಿಂತೆ ಹೆಚ್ಚುತ್ತದೆ. ಕೇಳುವಾಗ "ಆಂ", "ಮತ್ತೆ", "ಅಂದ್ರೆ", "ಅಲ್ವಾ" ಎಲ್ಲಿ ಬರುತ್ತವೆ ಎಂದು ಗುರುತಿಸಿ. ಕ್ಲಬ್ಬಿನಲ್ಲಿ ಇವನ್ನು ಎಣಿಸಲೆಂದೇ ಆಹ್ ಕೌಂಟರ್ ಎಂಬ ಸದಸ್ಯರಿರುತ್ತಾರೆ. ಹೆಚ್ಚಿನವು ಒಂದು ಕತೆ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲೇ ಬರುತ್ತವೆ, ಯಾಕೆಂದರೆ ಅಲ್ಲಿ ಏನು ಹೇಳಬೇಕೆಂದು ನೀವು ಗೊತ್ತುಮಾಡಿರುವುದಿಲ್ಲ. ಆದ್ದರಿಂದ ಪ್ರತಿ ಕತೆಯ ಮೊದಲ ಸಾಲನ್ನು ಖಚಿತ ಮಾಡಿ. ಸಂದಿಯಲ್ಲಿ ಬಾಯಿ ಮುಚ್ಚಿ ಒಂದು ಉಸಿರು ತೆಗೆದುಕೊಂಡು ಆ ಸಾಲು ಹೇಳಿ. ಆ ಎರಡು ಸೆಕೆಂಡಿನ ಮೌನ ನಿಮಗೆ ಉದ್ದ ಕಾಣುತ್ತದೆ, ಕೇಳುಗರಿಗೆ ಅಲ್ಲ.

ಕೈಯಲ್ಲಿ ಒಂದು ಪೋಸ್ಟ್‌ಕಾರ್ಡಿನಷ್ಟು ರಟ್ಟು ಇರಲಿ, ಅದರಲ್ಲಿ ದೊಡ್ಡ ಅಕ್ಷರದಲ್ಲಿ ಐದೇ ಸಾಲು: ಮೂರು ಪ್ರಶ್ನೆ / ದೀಪ, ಅಜ್ಜ / ಬೋರ್ಡು, ಚೆರ್ಕಳ / ಅಜ್ಜಿ, ಕನ್ನಡಕ / ಇಲ್ಲಿಗೆ ಬಂದೆ. ಪೂರ್ತಿ ಭಾಷಣ ಬರೆದ ಹಾಳೆ ಬೇಡ. ತೆಳು ಕಾಗದ ನಡುಗುವುದು ಎಲ್ಲರಿಗೂ ಕಾಣುತ್ತದೆ, ಕಣ್ಣು ಅದರಿಂದ ಮೇಲೇಳುವುದೂ ಇಲ್ಲ. ಮೊಬೈಲನ್ನು ಕಾರ್ಡಿನ ಬದಲು ಬಳಸಬೇಡಿ, ಅಗತ್ಯದ ಹೊತ್ತಿಗೆ ಪರದೆ ಕಪ್ಪಾಗಿರುತ್ತದೆ.

ಪ್ರತಿ ಕತೆಗೆ ಕೋಣೆಯ ಒಂದು ಭಾಗದಲ್ಲಿ ಕೂತ ಒಬ್ಬರನ್ನು ಆರಿಸಿ, ಆ ಕತೆಯನ್ನು ಅವರಿಗೆ ಹೇಳುತ್ತಿದ್ದೀರಿ ಎಂಬಂತೆ ಹೇಳಿ. ಮುಂದಿನ ಕತೆಗೆ ಒಂದು ಹೆಜ್ಜೆ ಸರಿದು ಇನ್ನೊಬ್ಬರನ್ನು ನೋಡಿ. ಮೊದಲ ಭಾಷಣಕ್ಕೆ ಇಷ್ಟು ಚಲನೆ ಧಾರಾಳ.

7. ಮುಗಿದ ಮೇಲೆ

ನಿಮಗೆ ಗೊತ್ತುಮಾಡಿದ ಇವ್ಯಾಲ್ಯುಯೇಟರ್, ಅಂದರೆ ಭಾಷಣವನ್ನು ಗಮನಿಸಿ ಅಭಿಪ್ರಾಯ ಹೇಳುವ ಸದಸ್ಯರು, ಕೊನೆಗೆ ಎರಡು ಮೂರು ನಿಮಿಷ ಮಾತಾಡುತ್ತಾರೆ. ಸಭೆಗೆ ಮುಂಚೆಯೇ ಅವರ ಬಳಿ ಹೋಗಿ ಒಂದೇ ಒಂದು ಸಂಗತಿ ಗಮನಿಸಲು ಹೇಳಿ. ಉದಾಹರಣೆಗೆ, "ಎರಡನೇ ಕತೆ ಹೊರಗಿನವರಿಗೆ ಅರ್ಥವಾಯಿತಾ ನೋಡಿ." ಹೀಗೆ ಹೇಳದಿದ್ದರೆ "ಚೆನ್ನಾಗಿತ್ತು, ಕಣ್ಣೋಟ ಇನ್ನಷ್ಟು ಬೇಕು" ಎಂಬ ಎಲ್ಲರಿಗೂ ಹೇಳುವ ಮಾತೇ ನಿಮಗೂ ಸಿಗುತ್ತದೆ. ಅವರು ಹೇಳುವಾಗ ಸಮಜಾಯಿಷಿ ಕೊಡಬೇಡಿ, ಬರೆದುಕೊಳ್ಳಿ. ಟೈಮರಿನಿಂದ ನಿಮ್ಮ ನಿಖರ ಸಮಯವನ್ನೂ ಆಹ್ ಕೌಂಟರಿನಿಂದ ಎಣಿಕೆಯನ್ನೂ ಕೇಳಿ ಅದೇ ರಟ್ಟಿನ ಹಿಂದೆ ಗುರುತು ಹಾಕಿ. ಲಿಖಿತ ಅಭಿಪ್ರಾಯದ ಫಾರ್ಮು ಕೈಗೆ ಬಂದ ಮೇಲೆ ಪಾಥ್‌ವೇಸ್‌ನ ಬೇಸ್ ಕ್ಯಾಂಪ್ ಎಂಬ ಆನ್‌ಲೈನ್ ಖಾತೆಯಲ್ಲಿ ಭಾಷಣವನ್ನು ಮುಗಿದದ್ದೆಂದು ದಾಖಲಿಸಬೇಕು. ಹಲವರು ಇದನ್ನು ತಿಂಗಳುಗಟ್ಟಲೆ ಮರೆಯುತ್ತಾರೆ. ಅದೇ ರಾತ್ರಿ ಮಾಡಿಬಿಡಿ, ಮತ್ತು ಮುಂದಿನ ಭಾಷಣದ ದಿನವನ್ನೂ ಶಿಕ್ಷಣ ಉಪಾಧ್ಯಕ್ಷರಿಂದ ಆಗಲೇ ಕೇಳಿ ಪಡೆಯಿರಿ.